ಹೆವಿ ಕತ್ತಿಯೋ, ಫೈರ್ ಕತ್ತಿಯೋ: ಎಲ್ಡನ್ ರಿಂಗ್ ಲೆಕ್ಕ

ಎಲ್ಡನ್ ರಿಂಗ್ ಆಟದಲ್ಲಿ ಕತ್ತಿಯನ್ನು ಹೆವಿ ಮಾಡಿದರೆ ಬರೀ ಕತ್ತಿಯ ಪೆಟ್ಟು, ಫೈರ್ ಮಾಡಿದರೆ ಜೊತೆಗೆ ಬೆಂಕಿಯ ಪೆಟ್ಟೂ ಬೀಳುತ್ತದೆ. ಫೈರ್ ಮಾಡಿದ ಕತ್ತಿಯ ಪೆಟ್ಟಿನ ಒಟ್ಟು ಸಂಖ್ಯೆ ಜಾಸ್ತಿ ಕಂಡ ತಕ್ಷಣ ಮರುಳಾಗಬೇಡಿ. ಆ ಸಂಖ್ಯೆ ಕತ್ತಿಯ ಪೆಟ್ಟು, ಬೆಂಕಿಯ ಪೆಟ್ಟು ಅಂತ ಎರಡು ಪಾಲಾಗಿರುತ್ತದೆ. ಶತ್ರುವಿನ ರಕ್ಷಣೆ ಎರಡನ್ನೂ ಬೇರೆ ಬೇರೆಯಾಗಿ ಕಡಿಯುತ್ತದೆ.

ಉದಾಹರಣೆಗೆ, ಶತ್ರುವಿನ ರಕ್ಷಣೆ ಎರಡಕ್ಕೂ 100 ಅಂತಿಟ್ಟುಕೊಳ್ಳಿ. ಹೆವಿ ಕತ್ತಿಯ 400 ಒಂದೇ ಏಟಾಗಿ ಬಿದ್ದರೆ ಸುಮಾರು 318 ಒಳಗೆ ಹೋಗುತ್ತದೆ. ಫೈರ್ ಕತ್ತಿಯ 200+200ರಲ್ಲಿ ಹೋಗುವುದು 267 ಮಾತ್ರ. ಅದು ಸರಿಸಮ ಆಗಬೇಕಾದರೆ ಶತ್ರುವಿಗೆ ಬೆಂಕಿಯಿಂದ ಸುಮಾರು 38% ಹೆಚ್ಚು ಪೆಟ್ಟು ಬೀಳಬೇಕು. ಅಷ್ಟು ದುರ್ಬಲರು ಎಷ್ಟು ಜನ ಸಿಗುತ್ತಾರೆ, ಹೇಳಿ?

ಬೆಂಕಿಗೆ ಅಷ್ಟಾಗಿ ಜಗ್ಗದ ಫೈರ್ ಜೈಂಟ್ ಎಂಬ ದೈತ್ಯನ ಮುಂದೆ ಬೆಂಕಿ ಹಿಡಿದು ನಿಂತರಂತೂ ಮುಗೀತು. ಆದರೆ ಹೆವಿ ಕೂಡ ಎಲ್ಲ ಕಡೆ ನಡೆಯಲ್ಲ. ಹರಳಿನ ಮೈಯ ಶತ್ರು ಕ್ರಿಸ್ಟಲಿಯನ್ ಮೇಲೆ ಕತ್ತಿ ಸುಮ್ನೆ ಟಣ್ ಅನ್ನುತ್ತದೆ. ಅಲ್ಲಿ ಬೇಕಾಗುವುದು ಬೆಂಕಿಯಲ್ಲ, ಸುತ್ತಿಗೆ.

ಹೆವಿ ಕತ್ತಿಯ ಪೆಟ್ಟು ಪಾತ್ರದ ಸ್ಟ್ರೆಂತ್ ಅಂಕ ಏರಿದಂತೆ ಏರುತ್ತದೆ, ಹಾಗಾಗಿ ಸ್ಟ್ರೆಂತ್ ಏರಿಸಿದವರು ಹೆವಿಯನ್ನೇ ಇಟ್ಟುಕೊಳ್ಳಿ. ಬೆಂಕಿ ಬೇಕಾದಾಗ ಕತ್ತಿಗೆ ಸ್ವಲ್ಪ ಹೊತ್ತು ಬೆಂಕಿ ಕೊಡುವ ಫೈರ್ ಗ್ರೀಸ್ ಹಚ್ಚಿದರಾಯಿತು. ಫೈರ್ ಕತ್ತಿಗೆ ಗ್ರೀಸ್ ಹತ್ತುವುದೇ ಇಲ್ಲ. ಸ್ಟ್ರೆಂತ್ ಇನ್ನೂ ಕಡಿಮೆ ಇರುವ ಶುರುವಿನಲ್ಲಿ ಮಾತ್ರ ಫೈರ್ ಲಾಭ.