ಉಪಗ್ರಹದ ಲೆಕ್ಕ: ನೇರ ಸೂತ್ರವೋ, ಅನುಪಾತವೋ?

ಫೋಟೊ ತೆಗೆದು ಕಳಿಸಿದ ಲೆಕ್ಕ ಇದು: ಭೂಮಿಯಿಂದ 400 ಕಿ.ಮೀ. ಎತ್ತರದ ಉಪಗ್ರಹದ ವೇಗ v, ಒಂದು ಸುತ್ತಿಗೆ ಹಿಡಿಯುವ ಆವರ್ತಕಾಲ T ಎಷ್ಟು? ಎರಡೂ ದಾರಿಗೆ ಮೊದಲು ಭೂಮಿಯ ತ್ರಿಜ್ಯ ಕೂಡಿಸಿ, ಭೂಮಿಯ ಕೇಂದ್ರದಿಂದ ದೂರ ಪಡೆಯಿರಿ: r = 6371 + 400 = 6771 ಕಿ.ಮೀ.

ವೇಗವೇ ಮೊದಲು ಬೇಕಿದ್ದರೆ v = √(GM/r) ಹತ್ತಿರದ ದಾರಿ; G ಗುರುತ್ವ ಸ್ಥಿರಾಂಕ, M ಭೂಮಿಯ ದ್ರವ್ಯರಾಶಿ. GM = 398600 ಕಿ.ಮೀ.³/ಸೆ.² ಹಾಕಿದರೆ ಸೆಕೆಂಡಿಗೆ 7.67 ಕಿ.ಮೀ. ಆದರೆ G, M ಬೇರೆಬೇರೆ ಕೊಟ್ಟಿದ್ದು, ಮಸುಕು ಫೋಟೊದಲ್ಲಿ 10ರ ಘಾತ ತಪ್ಪಿ ಓದಿದರೆ ಲೆಕ್ಕವೇ ಕೆಟ್ಟಿತು.

ಅದೇ ಭೂಮಿಯ ಇನ್ನೊಂದು ಉಪಗ್ರಹದ ವಿವರ ಕೊಟ್ಟಿದ್ದರೆ T² ∝ r³ ಸಲೀಸು. G, M ಎರಡೂ ಬೇಡ. ಭೂಸ್ಥಿರ ಕಕ್ಷೆಗೆ r = 42164 ಕಿ.ಮೀ., T = 1436 ನಿಮಿಷ. ಆಗ ನಮ್ಮ ಉಪಗ್ರಹಕ್ಕೆ:

T = 1436 × (6771/42164)^1.5 ≈ 92.4 ನಿಮಿಷ

ವೇಗಕ್ಕೆ ಮಾತ್ರ 2πr/T ಎಂಬ ಇನ್ನೊಂದು ಹೆಜ್ಜೆ. ಚಂದ್ರನ ಸುತ್ತಲಿನ ನೌಕೆಗೆ ಭೂಮಿಯ ಅನುಪಾತ ನಡೆಯದು.

ಉತ್ತರ 1.3 ನಿಮಿಷ ಬಂತೇ? r ಜಾಗದಲ್ಲಿ ಬರೀ 400 ಹಾಕಿದ್ದೀರಿ. ಭೂಮಿಗೆ ತಾಗಿಕೊಂಡೇ ಸುತ್ತಿದರೂ ಸುಮಾರು 84 ನಿಮಿಷ ಬೇಕು.