ಪಾಲುದಾರರು ತೀರಿಕೊಂಡ ಮನೆಗೆ ಬರುವ ‘ಚುಕ್ತಾ’ ಪತ್ರ: ಸೈನ್ ಹಾಕುವ ಮುಂಚೆ ಓದಿ

ನಿಮ್ಮ ಮನೆಯವರು ಯಾವುದಾದರೂ ಪಾಲುದಾರಿಕೆ ವ್ಯಾಪಾರದಲ್ಲಿದ್ದು ತೀರಿಕೊಂಡರೆ, ಉಳಿದ ಪಾಲುದಾರರು ತರುವ ಮೊದಲ ಕಾಗದಕ್ಕೆ ಸೈನ್ ಹಾಕಬೇಡಿ. ಅವರು ಎಷ್ಟೇ ಒಳ್ಳೆಯವರಾಗಿರಲಿ. ನಮಗೆ ಆ ಕಾಗದ ತಂದವರು ಅಪ್ಪನ ಜೊತೆ ವರ್ಷಾನುಗಟ್ಟಲೆ ವ್ಯಾಪಾರ ಮಾಡಿದವರು. ನಾವು ದೊಡ್ಡಪ್ಪ ಅಂತ ಕರೆಯುತ್ತಿದ್ದವರು.

ದಾವಣಗೆರೆಯಲ್ಲಿ ಅಪ್ಪ ಮತ್ತು ಇನ್ನಿಬ್ಬರು ಸೇರಿ ಮೆಕ್ಕೆಜೋಳದ ವ್ಯಾಪಾರ ಮಾಡುತ್ತಿದ್ದರು. ಸುತ್ತಲಿನ ಹಳ್ಳಿಗಳಿಂದ ಜೋಳ ಕೊಂಡು, ಒಣಗಿಸಿ, ಕೋಳಿ ಆಹಾರದ ಕಂಪನಿಗಳಿಗೆ ಲೋಡ್ ಕಳಿಸುವುದು. ಲಾಭದಲ್ಲಿ ಅಪ್ಪನ ಪಾಲು ನೂರಕ್ಕೆ 30. ಡಿಸೆಂಬರ್ ಕೊನೆಯಲ್ಲಿ ಅಪ್ಪ ಹೃದಯಾಘಾತದಿಂದ ತೀರಿಕೊಂಡರು. ಶಿವಗಣಾರಾಧನೆ ಮುಗಿದು ನೆಂಟರೆಲ್ಲ ಹೊರಡುವ ಹೊತ್ತಿಗೆ ದೊಡ್ಡಪ್ಪ ಒಂದು ಚೆಕ್ ಮತ್ತು ಛಾಪಾ ಕಾಗದ ತಂದರು.

“ನೋಡಪ್ಪಾ, ನಿಮ್ಮಪ್ಪಂದು ಬಂಡವಾಳ ಏನಿತ್ತೋ ಅದನ್ನ ತಂದೀವಿ. ಲೆಕ್ಕ ಇಟ್ಕೊಂಡು ಕೂರೋದು ಬೇಡ, ನಿಮಗೂ ಖರ್ಚಿದೆ” ಅಂದರು ಅಣ್ಣನಿಗೆ. ಚೆಕ್ 11.30 ಲಕ್ಷದ್ದು. ಕಾಗದದಲ್ಲಿ ‘ಪೂರ್ತಿ ಲೆಕ್ಕ ಚುಕ್ತಾ ಆಗಿದೆ, ಮುಂದೆ ಯಾವ ತಕರಾರೂ ಇಲ್ಲ’ ಅಂತ ಬರೆದಿತ್ತು. ಅಣ್ಣ ಸೈನ್ ಹಾಕಿದ. ನಿದ್ದೆಗೆಟ್ಟು ಕೂತವನು ಇನ್ನೇನು ಮಾಡ್ತಾನೆ? ಅಂಥ ದಿನ ನೋಡಿಯೇ ಆ ಕಾಗದ ಬರುತ್ತೆ ಅನ್ನೋದು ನನ್ನ ಅಭಿಪ್ರಾಯ.

ಆ 11.30 ಲಕ್ಷ ಎಲ್ಲಿಂದ ಬಂತು ಅಂತ ಆಮೇಲೆ ನಮ್ಮ ಪರಿಚಯದ ಆಡಿಟರ್ ಒಬ್ಬರು ಬಿಡಿಸಿ ತೋರಿಸಿದರು. ಓದುವವರಿಗೆ ಸುಲಭವಾಗಲಿ ಅಂತ ಅಂಕಿಗಳನ್ನು ಸ್ವಲ್ಪ ದುಂಡಾಗಿಸಿ, ಮರಣದ ದಿನ ಡಿಸೆಂಬರ್ 31 ಅಂತಲೇ ಇಟ್ಟುಕೊಂಡು ಬರೆಯುತ್ತೇನೆ. ಹಿಂದಿನ ಮಾರ್ಚ್ 31ರ ಲೆಕ್ಕದಲ್ಲಿ ಅಪ್ಪನ ಬಂಡವಾಳ 14 ಲಕ್ಷ ಇತ್ತು. ಅದರಲ್ಲಿ ಏಪ್ರಿಲ್‌ನಿಂದ ಮನೆಖರ್ಚಿಗೆ ತೆಗೆದ 2.70 ಲಕ್ಷ ಕಳೆದರು. ಅಷ್ಟೇ. ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ ಅಪ್ಪ ದುಡಿದ ಒಂಬತ್ತು ತಿಂಗಳು ಆ ಲೆಕ್ಕದಲ್ಲಿ ಇರಲೇ ಇಲ್ಲ. ಖರ್ಚಿಗೆ ತೆಗೆದ ಹಣ ಮಾತ್ರ ಡಿಸೆಂಬರ್‌ವರೆಗೂ ನೆನಪಿತ್ತು!

ಕೇಳಿದ್ದಕ್ಕೆ ದೊಡ್ಡಪ್ಪ, “ಲಾಭ ಗೊತ್ತಾಗೋದು ಮಾರ್ಚ್ ಮುಗಿದ ಮೇಲೆ ಅಲ್ವಾಮ್ಮಾ, ಆಗ ಅವರು ಇರಲೇ ಇಲ್ಲವಲ್ಲ” ಅಂದರು. ಈ ಮಾತು ಎಷ್ಟು ಸಹಜವಾಗಿ ಕೇಳಿಸುತ್ತೆ ಅಂದರೆ ಅರ್ಧ ಜನ ಒಪ್ಪಿಬಿಡುತ್ತಾರೆ. ಆದರೆ ತೀರಿಕೊಂಡ ಪಾಲುದಾರನಿಗೆ ಮರಣದ ದಿನದವರೆಗಿನ ಲಾಭದಲ್ಲಿ ಪಾಲು ಇದ್ದೇ ಇರುತ್ತೆ. ವರ್ಷದ ಮಧ್ಯೆ ಅದನ್ನು ಹೇಗೆ ಲೆಕ್ಕ ಹಾಕೋದು ಅನ್ನೋದಷ್ಟೇ ಪ್ರಶ್ನೆ.

ನಿಜವಾಗಿ ಮಾಡಬೇಕಾದದ್ದು, ಆ ದಿನಕ್ಕೆ ಲೆಕ್ಕ ಮುಚ್ಚೋದು. ಗೋಡೌನ್‌ನಲ್ಲಿರುವ ಜೋಳ ತೂಗಿಸಿ, ಬರಬೇಕಾದ ಮತ್ತು ಕೊಡಬೇಕಾದ ಬಾಕಿ ಪಟ್ಟಿ ಮಾಡಿ, ಲಾಭ ತೆಗೆಯೋದು. ನಾವು ಕೇಳುವ ಹೊತ್ತಿಗೆ ಆ ಜೋಳವೆಲ್ಲ ಮಾರಾಟವಾಗಿ ಹೋಗಿತ್ತು. ಹಾಗಾಗಿ ಅಂದಾಜಿನ ದಾರಿಯೇ ಉಳಿಯಿತು. ಅದರಲ್ಲಿ ಎರಡು ಬಗೆ. ಒಂದು, ಹಿಂದಿನ ವರ್ಷದ ಲಾಭವನ್ನು ತಿಂಗಳ ಲೆಕ್ಕದಲ್ಲಿ ಹಂಚೋದು. ಇನ್ನೊಂದು, ಹಿಂದಿನ ವರ್ಷ ಮಾರಾಟದ ಮೇಲೆ ನೂರಕ್ಕೆ ಎಷ್ಟು ಲಾಭ ಬಂದಿತ್ತೋ ಅದನ್ನು ಈ ವರ್ಷದ ಮರಣದ ದಿನದವರೆಗಿನ ಮಾರಾಟಕ್ಕೆ ಹಾಕೋದು.

ಹಿಂದಿನ ವರ್ಷ ಬಡ್ಡಿ ಗಿಡ್ಡಿ ಎಲ್ಲ ಕಳೆದು 24 ಲಕ್ಷ ಲಾಭ, ಮಾರಾಟ 6 ಕೋಟಿ. ಅಂದರೆ ನೂರಕ್ಕೆ 4. ತಿಂಗಳ ಲೆಕ್ಕ ಹಿಡಿದರೆ 24 ಲಕ್ಷದಲ್ಲಿ ಒಂಬತ್ತು ತಿಂಗಳಿಗೆ 18 ಲಕ್ಷ, ಅಪ್ಪನ ಪಾಲು 5.40 ಲಕ್ಷ. ಆದರೆ ನಮ್ಮ ಕಡೆ ಮುಂಗಾರಿನ ಮೆಕ್ಕೆಜೋಳ ಮಾರುಕಟ್ಟೆಗೆ ನುಗ್ಗೋದು ಅಕ್ಟೋಬರ್, ನವೆಂಬರ್‌ನಿಂದ. ಡಿಸೆಂಬರ್ ಮುಗಿಯುವಷ್ಟರಲ್ಲಿ ಆ ವರ್ಷ 5.40 ಕೋಟಿ ಮಾರಾಟ ಆಗಿಹೋಗಿತ್ತು. ಅದರಲ್ಲಿ ನೂರಕ್ಕೆ 4 ಅಂದರೆ 21.60 ಲಕ್ಷ, ಅಪ್ಪನ ಪಾಲು 6.48 ಲಕ್ಷ. ಲೆಕ್ಕದ ಬಗೆ ಬದಲಾಗಿದ್ದಕ್ಕೇ 1.08 ಲಕ್ಷ ವ್ಯತ್ಯಾಸ. ಸೀಸನ್ ವ್ಯಾಪಾರದಲ್ಲಿ ಎಲ್ಲ ತಿಂಗಳೂ ಒಂದೇ ಅಲ್ಲ. ಸೀಸನ್ ಮುಗಿದ ಮೇಲೆ ತೀರಿಕೊಂಡರೆ ಮಾರಾಟದ ಲೆಕ್ಕ ವಾರಸುದಾರರಿಗೆ ನ್ಯಾಯ. ಅದೇ ಆಗಸ್ಟ್‌ನಲ್ಲಿ ತೀರಿಕೊಂಡಿದ್ದರೆ ತಿಂಗಳ ಲೆಕ್ಕದಲ್ಲಿ ನಮಗೆ ಜಾಸ್ತಿ ಬರುತ್ತಿತ್ತು, ಅದು ಅವರಿಗೆ ಅನ್ಯಾಯ ಆಗುತ್ತಿತ್ತು. ಯಾವ ಬಗೆ ಅಂತ ಪಾಲುದಾರಿಕೆ ಪತ್ರದಲ್ಲಿ ಬರೆದಿದ್ದರೆ ಅದೇ ಅಂತಿಮ. ನಮ್ಮ ಪತ್ರದಲ್ಲಿ ‘ಮರಣದ ದಿನದವರೆಗಿನ ಲಾಭ’ ಅಂತ ಮಾತ್ರ ಇತ್ತು.

ಮಾರಾಟದ ಅಂಕಿ ನಮಗೆ ಸಿಕ್ಕಿದ್ದು ಹಳೆಯ ಗುಮಾಸ್ತರಿಂದ. ಅವರು ಬಿಲ್ ಪುಸ್ತಕಗಳನ್ನು ಅಪ್ಪನ ಟೇಬಲ್ಲಿನ ಡ್ರಾಯರ್‌ನಲ್ಲೇ ಇಟ್ಟಿದ್ದರು. ಇಲ್ಲದಿದ್ದರೆ ಬ್ಯಾಂಕ್ ಸ್ಟೇಟ್‌ಮೆಂಟ್ ಹಿಡಿದು ಒಂದೊಂದೇ ಲೋಡ್ ಹುಡುಕಬೇಕಿತ್ತು. ನಿಮಗೆ ಇಂಥ ಪರಿಸ್ಥಿತಿ ಬಂದರೆ ಮೊದಲ ವಾರದಲ್ಲೇ ಗೋಡೌನ್ ದಾಸ್ತಾನಿನ ಫೋಟೋ, ಬಿಲ್‌ಗಳ ನಕಲು, ಆ ದಿನದ ಬ್ಯಾಂಕ್ ಬಾಕಿ ತೆಗೆದಿಟ್ಟುಕೊಳ್ಳಿ. ದುಃಖದಲ್ಲಿ ಇದೆಲ್ಲ ಯಾರಿಗೆ ಬೇಕು ಅನಿಸುತ್ತೆ. ಅಳಿಯನೋ ಸೋದರಮಾವನೋ ಯಾರಾದರೂ ಒಬ್ಬರಿಗೆ ವಹಿಸಿ.

ಲಾಭವೊಂದೇ ಅಲ್ಲ, ಇನ್ನೂ ನಾಲ್ಕು ಬಾಬ್ತು ಅವರ ಲೆಕ್ಕದಲ್ಲಿ ಬಿಟ್ಟುಹೋಗಿದ್ದವು. ಪತ್ರದ ಪ್ರಕಾರ ಬಂಡವಾಳಕ್ಕೆ ನೂರಕ್ಕೆ 12 ಬಡ್ಡಿ ಇತ್ತು. 14 ಲಕ್ಷಕ್ಕೆ ಒಂಬತ್ತು ತಿಂಗಳಿಗೆ 1.26 ಲಕ್ಷ. ಹಿಂದಿನ ವರ್ಷಗಳ ಲಾಭದಲ್ಲಿ ಹಂಚದೆ ಇಟ್ಟ ಮೀಸಲು ನಿಧಿ 5 ಲಕ್ಷ ಇತ್ತು. ಅದರಲ್ಲಿ ಅಪ್ಪನದು 1.50 ಲಕ್ಷ. ಇವೆರಡಕ್ಕೆ ಅವರು ಹೆಚ್ಚು ತಕರಾರು ಮಾಡಲಿಲ್ಲ.

ಜಗಳ ಆಗಿದ್ದು ಗೋಡೌನ್ ಬಗ್ಗೆ. ಪುಸ್ತಕದಲ್ಲಿ ಅದರ ಬೆಲೆ ಇನ್ನೂ 8 ಲಕ್ಷ. ಊರು ಬೆಳೆದು ಈಗ ಆ ಜಾಗಕ್ಕೆ 38 ಲಕ್ಷ ಅಂತ ನಾವು ಕರೆಸಿದ ಮೌಲ್ಯಮಾಪಕರು ಹೇಳಿದರು. “ಗೋಡೌನ್ ಫರ್ಮಿಂದು, ನಿಮ್ಮಪ್ಪಂದಲ್ಲ” ಅಂತ ದೊಡ್ಡಪ್ಪ ಪಟ್ಟು ಹಿಡಿದರು. ಅರ್ಧ ಸತ್ಯ ಅದು. ಗೋಡೌನ್‌ನಲ್ಲಿ ಇಷ್ಟು ಅಡಿ ಬಿಡಿಸಿಕೊಡಿ ಅಂತ ವಾರಸುದಾರರು ಕೇಳುವ ಹಾಗಿಲ್ಲ. ಆದರೆ ಮರಣದ ದಿನದ ಬೆಲೆ ಕಟ್ಟಿ, ಏರಿದ ಬೆಲೆಯಲ್ಲಿ ಪಾಲಿನ ಹಣ ಕೇಳಬಹುದು. ಏರಿಕೆ 30 ಲಕ್ಷ. ಇನ್ನೊಂದು ಕಡೆ, ಒಂದು ಕೋಳಿ ಫಾರಂನಿಂದ ಬರಬೇಕಿದ್ದ 4 ಲಕ್ಷ ಮುಳುಗಿದ ಬಾಕಿ. ಅದನ್ನೂ ಕಳೆಯಬೇಕು, ಬರೀ ನಮಗೆ ಬೇಕಾದ್ದನ್ನು ಮಾತ್ರ ಎಣಿಸುವ ಹಾಗಿಲ್ಲ. ಉಳಿದ 26 ಲಕ್ಷದಲ್ಲಿ ಅಪ್ಪನ ಪಾಲು 7.80 ಲಕ್ಷ.

ಎಲ್ಲಕ್ಕಿಂತ ದೊಡ್ಡದು ಗುಡ್‌ವಿಲ್. ಅಂಗಡಿಯ ಹೆಸರಿಗೆ ಸೇರಿದ ಬೆಲೆ. 1932ರ ಪಾಲುದಾರಿಕೆ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ ಅದೂ ಸಂಸ್ಥೆಯ ಆಸ್ತಿಯೇ. ನಮ್ಮ ಪತ್ರದಲ್ಲಿ, ಕಳೆದ ಮೂರು ವರ್ಷದ ಸರಾಸರಿ ಲಾಭದ ಎರಡು ಪಟ್ಟು ಅಂತ ಸ್ಪಷ್ಟವಾಗಿ ಇತ್ತು. ಲಾಭ 18, 21, 24 ಲಕ್ಷ. ಸರಾಸರಿ 21, ಎರಡು ಪಟ್ಟು 42 ಲಕ್ಷ. ಅಪ್ಪನ ಪಾಲು 12.60 ಲಕ್ಷ. ಈ ಪುಟವನ್ನು ಅವರಿಗೆ ತೋರಿಸಿದಾಗ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಪತ್ರ ಬರೆಸಿದವರೇ ಅದನ್ನು ಓದಿ ಎಷ್ಟು ವರ್ಷ ಆಗಿತ್ತೋ!

ಎಲ್ಲ ಕೂಡಿಸಿ, ಖರ್ಚಿಗೆ ತೆಗೆದ 2.70 ಲಕ್ಷ ಕಳೆದರೆ ವಾರಸುದಾರರಿಗೆ ಬರಬೇಕಾದದ್ದು 40.94 ಲಕ್ಷ. ಕೊಟ್ಟ ಚೆಕ್ 11.30 ಲಕ್ಷ.

ಅಣ್ಣನ ಸೈನ್ ಏನಾಯಿತು ಅಂತ ಕೇಳ್ತೀರಿ. ಅಪ್ಪ ವಿಲ್ ಬರೆದಿರಲಿಲ್ಲ. ಇದು ಅಪ್ಪ ಸ್ವಂತ ದುಡಿದ ಹಣ. ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಅದು ಅಮ್ಮ, ಅಣ್ಣ, ನಾನು ಮತ್ತು ಇನ್ನೂ ಬದುಕಿರುವ ಅಜ್ಜಿ, ನಾಲ್ವರಿಗೂ ಸಮ. ತೀರಿಕೊಂಡವರ ತಾಯಿ ಬದುಕಿದ್ದರೆ ಅವರಿಗೂ ಪಾಲಿದೆ ಅನ್ನೋದನ್ನು ನಮ್ಮ ಕಡೆ ಎಷ್ಟೋ ಜನ ಮರೆಯುತ್ತಾರೆ. ಅಣ್ಣ ಒಬ್ಬನೇ ಸೈನ್ ಹಾಕಿದರೆ ನಮ್ಮ ಮೂವರ ಹಕ್ಕು ಹೋಗಲ್ಲ ಅಂತ ವಕೀಲರು ನೋಟಿಸ್ ಕಳಿಸಿದ ಮೇಲೆಯೇ ಮಾತುಕತೆ ಶುರುವಾಗಿದ್ದು. ಆದರೂ ಆ ಕಾಗದ ಅವರ ಕೈಯಲ್ಲಿ ಅಸ್ತ್ರವಾಗಿತ್ತು. ಪ್ರತಿ ಸಲ ಅದನ್ನು ಮೇಜಿನ ಮೇಲೆ ಇಡುತ್ತಿದ್ದರು.

ಮಾತುಕತೆ ಎಳೆಯೋದು ಇನ್ನೊಂದು ಬಲೆ. ಇಂಥ ಲೆಕ್ಕಕ್ಕೆ ದಾವೆ ಹಾಕಲು ಸಾಮಾನ್ಯವಾಗಿ ಮೂರು ವರ್ಷ ಮಾತ್ರ ಅವಕಾಶ. ‘ಮುಂದಿನ ಸೀಸನ್‌ಗೆ ಕೊಡ್ತೀವಿ’ ಅನ್ನೋ ಬಾಯಿಮಾತಿಗೆ ಆ ಗಡುವು ನಿಲ್ಲಲ್ಲ. ಬಾಕಿ ಇದೆ ಅಂತ ಅವರು ಸೈನ್ ಹಾಕಿದ ಬರಹ ಗಡುವಿನ ಒಳಗೆ ಸಿಕ್ಕರೆ ಮಾತ್ರ ಅಲ್ಲಿಂದ ಹೊಸದಾಗಿ ಎಣಿಕೆ ಶುರುವಾಗುತ್ತೆ. ಹಾಗಾಗಿ ಎಷ್ಟು ಬಾಕಿ ಅಂತ ವಾಟ್ಸಾಪ್‌ನಲ್ಲಿ ಚರ್ಚೆ ಮಾಡುತ್ತಾ ಕೂರುವ ಬದಲು ಸೈನ್ ಇರುವ ಒಂದು ಹಾಳೆ ತೆಗೆದುಕೊಳ್ಳಿ.

ಹಣ ಕೊಡದೆ ವ್ಯಾಪಾರ ಮುಂದುವರಿಸಿದರೆ ಅದಕ್ಕೂ ಬೆಲೆ ಇದೆ. ಅದೇ ಕಾಯ್ದೆಯ 37ನೇ ಸೆಕ್ಷನ್. ಬೇರೆ ಒಪ್ಪಂದ ಇಲ್ಲದಿದ್ದರೆ, ತೀರಿಕೊಂಡವರ ಹಣ ಬಳಸಿ ಗಳಿಸಿದ ಲಾಭದಲ್ಲಿ ಅದಕ್ಕೆ ತಕ್ಕ ಪಾಲು, ಇಲ್ಲವೇ ವರ್ಷಕ್ಕೆ ನೂರಕ್ಕೆ 6 ಬಡ್ಡಿ. ಎರಡರಲ್ಲಿ ಯಾವುದು ಅಂತ ಆರಿಸೋದು ವಾರಸುದಾರರು, ಉಳಿದ ಪಾಲುದಾರರಲ್ಲ. ಲಾಭ ಆರಿಸಿದರೆ ಹಳೆಯ 30 ಪಾಲು ಹಾಗೇ ಬರುತ್ತೆ ಅಂದುಕೊಳ್ಳಬೇಡಿ, ಹಣದಿಂದ ಎಷ್ಟು ಲಾಭ ಬಂತು ಅಂತ ಸಾಬೀತು ಮಾಡಬೇಕಾಗುತ್ತೆ. ಇನ್ನೊಂದು ಮಾತು: ಇಬ್ಬರೇ ಪಾಲುದಾರರಿದ್ದು ಒಬ್ಬರು ತೀರಿಕೊಂಡರೆ ಪಾಲುದಾರಿಕೆ ಅಲ್ಲಿಗೇ ಮುಗಿಯುತ್ತೆ. ಮೂವರು ಅಥವಾ ಹೆಚ್ಚು ಜನ ಇದ್ದಾಗ ಮಾತ್ರ ‘ಉಳಿದವರು ಮುಂದುವರಿಸಬಹುದು’ ಅನ್ನೋ ಷರತ್ತು ಕೆಲಸಕ್ಕೆ ಬರೋದು.

ಕೊನೆಗೆ ನಾವು ಒಪ್ಪಿದ್ದು 36.86 ಲಕ್ಷಕ್ಕೆ. ಗೋಡೌನ್ ಬೆಲೆಯನ್ನು ಅವರ ಮೌಲ್ಯಮಾಪಕರು ಹೇಳಿದ 28 ಲಕ್ಷ ಅಂತ ಹಿಡಿದೆವು. ಅದರಲ್ಲಿ ನಮ್ಮ ಪಾಲಿಗೆ 3 ಲಕ್ಷ ಕಡಿಮೆ ಆಯಿತು. ಲಾಭವನ್ನು ತಿಂಗಳ ಲೆಕ್ಕದಲ್ಲೇ ತೆಗೆದುಕೊಂಡೆವು, 1.08 ಲಕ್ಷ ಬಿಟ್ಟೆವು. ಅಮ್ಮನಿಗೆ ಕೋರ್ಟು ಬೇಡವಾಗಿತ್ತು. ಕೊಟ್ಟಿದ್ದನ್ನು ಕಳೆದು ಉಳಿದ 25.56 ಲಕ್ಷ ಕಂತಿನಲ್ಲಿ ಬರಬೇಕು. ಈ ಸಲ ಕಾಗದದಲ್ಲಿ ನಾಲ್ವರ ಹೆಸರೂ ಇದೆ, ಪ್ರತಿ ಕಂತಿನ ತಾರೀಖು ಇದೆ, ಬಾಕಿ ಮೇಲೆ ನೂರಕ್ಕೆ 6 ಬಡ್ಡಿಯೂ ಇದೆ. ಪೂರ್ತಿ ಬಾಕಿಗೆ ಒಂದು ವರ್ಷಕ್ಕೆ ಅದೇ ಸುಮಾರು 1.53 ಲಕ್ಷ.

ಬ್ಯಾಂಕಿನ ವಿಷಯ ಇನ್ನೂ ಮುಗಿದಿಲ್ಲ. ಫರ್ಮಿನ ಸಾಲಕ್ಕೆ ಅಪ್ಪ ನಮ್ಮ ಮನೆ ಪತ್ರ ಅಡ ಇಟ್ಟಿದ್ದರು ಅನ್ನೋದು ಮಾತುಕತೆ ನಡೆದಾಗಲೇ ಗೊತ್ತಾಗಿದ್ದು. ಮರಣದ ದಿನ ಎಷ್ಟು ಸಾಲ ಬಾಕಿ ಇತ್ತು ಅಂತ ಬರಹದಲ್ಲಿ ಕೊಡಿ, ಆಮೇಲೆ ತೆಗೆದ ಹಣಕ್ಕೆ ನಮ್ಮ ಮನೆ ಆಧಾರವಲ್ಲ ಅಂತ ಬ್ಯಾಂಕಿಗೆ ಪತ್ರ ಕೊಟ್ಟಿದ್ದೇವೆ. ಅಪ್ಪ ಸಹಿ ಮಾಡಿದ ಜಾಮೀನು ಪತ್ರದ ನಕಲು ಕೊಡಿ ಅಂತಲೂ ಕೇಳಿದ್ದೇವೆ, ಯಾಕಂದ್ರೆ ತೀರಿಕೊಂಡ ಮೇಲೂ ಜಾಮೀನು ಮುಂದುವರಿಯುತ್ತೆ ಅನ್ನೋ ಷರತ್ತು ಅದರಲ್ಲಿ ಇದ್ದರೆ ಕಥೆ ಬೇರೆಯಾಗುತ್ತೆ. ಉತ್ತರ ಬರಬೇಕು.