ಮ್ಯಾಂಗನೀಸ್ ಅದಿರು "46%" ಅಂತ ಹೇಳಿದ್ರೆ, ದುಡ್ಡು ಹಾಕೋ ಮುಂಚೆ ಇದನ್ನ ಓದಿ

ಮ್ಯಾಂಗನೀಸ್ ಸಲ್ಫೇಟ್ ಮಾಡೋ ಸಣ್ಣ ಘಟಕದವರು, ಬಳ್ಳಾರಿ–ಹೊಸಪೇಟೆ ಕಡೆಯ ಏಜೆಂಟರಿಂದ ಅದಿರು ತರಿಸೋರು, ಎಲ್ಲರೂ ಓದಿ. ಮೋಸ ನಡೆಯೋದು ಲಾರಿ ತೂಗೋ ವೇಬ್ರಿಡ್ಜ್‌ನಲ್ಲಿ ಅಲ್ಲ. ಕಾಗದದ ಮೇಲಿನ ಒಂದೇ ಒಂದು ಸಂಖ್ಯೆಯಲ್ಲಿ.

ಏಜೆಂಟರಿಂದ ನಮಗೆ ವಾಟ್ಸಾಪ್‌ನಲ್ಲಿ ಬಂದ ವಿವರ ಹೀಗಿತ್ತು: ಮ್ಯಾಂಗನೀಸ್ ಗ್ರೇಡ್ 46, ಸಿಲಿಕಾ 19, Fe2O3 21, ಅಲ್ಯುಮಿನಾ 7. 20 ಟನ್ ಲೋಡ್. ಸಲ್ಫೇಟ್ ಮಾಡೋರಿಗೆ ಬೇಕಾಗಿರೋದು ಲೋಹದ ಲೆಕ್ಕ, ಅದು ಫೋನ್‌ನಲ್ಲೇ ಮಾತಾಗಿತ್ತು. 20 ಟನ್ನಿಗೆ 46 ಅಂದ್ರೆ 9.2 ಟನ್ ಮ್ಯಾಂಗನೀಸ್. ರೇಟ್ ಕಟ್ಟಿದ್ದೂ ಅದರ ಮೇಲೇ.

ಲೋಡ್ ಬಂತು, ಹುರಿದಾಯ್ತು, ಆ್ಯಸಿಡ್‌ಗೆ ಹೋಯ್ತು. ಫಿಲ್ಟರ್ ಪ್ರೆಸ್ ಬಿಚ್ಚಿದ್ರೆ ಪ್ಲೇಟು ಪ್ಲೇಟಿಗೂ ಕೆಂಪು ಕೆಸರು ಗಟ್ಟಿಯಾಗಿ ಕೂತಿದೆ, ಕೊನೆಗೆ ಹರಳು ಮಾತ್ರ ಅಂದುಕೊಂಡಷ್ಟು ಬಂದಿಲ್ಲ. ಅದಿರನ್ನ ಬೇರೆ ಲ್ಯಾಬಿಗೆ ಕಳಿಸಿದ್ರೆ ಒಟ್ಟು Mn ಬಂದಿದ್ದು 29 ಚಿಲ್ಲರೆ.

ಆಮೇಲೆ ಏಜೆಂಟರಿಗೆ ಫೋನ್ ಮಾಡಿದ್ರೆ ಸಿಕ್ಕ ಉತ್ತರ ಕೇಳಿ: "ಸಾರ್, 46 ಅಂದ್ರೆ MnO2 ಅಲ್ವಾ. ಈ ಲೈನಲ್ಲಿ ಗ್ರೇಡ್ ಅಂದ್ರೆ ಅದೇ. ನೀವು ಬಿಡಿಸಿ ಕೇಳ್ಲಿಲ್ಲ."

ಬಿಡಿಸಿ ಕೇಳ್ಲಿಲ್ಲ! ಲೋಹದ ಲೆಕ್ಕ ಅಂತ ಮೊದಲೇ ಹೇಳಿದ ಮೇಲೆ ಇನ್ನೇನು ಬಿಡಿಸಿ ಕೇಳೋದು? ಬ್ಯಾಟರಿಗೆ ಹೋಗೋ ಮಾಲನ್ನ MnO2 ಮೇಲೆ ಮಾರೋದು ನಿಜ. ಅಲ್ಲಿ ಬೇಕಾಗಿರೋದು ಆ ಆಕ್ಸೈಡೇ. ಆದ್ರೆ ಫರ್ನೇಸಿಗೆ, ಸಲ್ಫೇಟಿಗೆ ಹೋಗೋ ಅದಿರನ್ನ Mn ಮೇಲೆ ಮಾರ್ತಾರೆ. ಎರಡು ಪದ್ಧತಿ ಇದೆ ಅನ್ನೋದನ್ನೇ ಇವರು ಗುರಾಣಿ ಮಾಡ್ಕೊಂಡಿದ್ದಾರೆ. ಸಂಖ್ಯೆಯ ಮುಂದೆ Mn ಅಂತಾನೂ ಬರೆಯಲ್ಲ, MnO2 ಅಂತಾನೂ ಬರೆಯಲ್ಲ, "ಗ್ರೇಡ್" ಅಂತ ಬರೀತಾರೆ.

ಈಗ ಲೆಕ್ಕ ನೋಡಿ. ಮ್ಯಾಂಗನೀಸ್‌ನ ಪರಮಾಣು ತೂಕ 54.94, ಆಮ್ಲಜನಕದ್ದು 16. MnO2ನಲ್ಲಿ ಆಮ್ಲಜನಕ ಎರಡು, ಅಂದ್ರೆ 32. ಒಟ್ಟು 86.94. 54.94ನ್ನ 86.94ರಿಂದ ಭಾಗಿಸಿ 100ರಿಂದ ಗುಣಿಸಿದ್ರೆ 63.2 ಬರುತ್ತೆ. ಒಂದು ಚೂರೂ ಕಲ್ಲು ಮಣ್ಣು ಇಲ್ಲದ ಶುದ್ಧ MnO2 ಕೊಟ್ರೂ ಅದರಲ್ಲಿ ಲೋಹ ಇರೋದು 63.2 ಶೇಕಡ, ಉಳಿದಿದ್ದು ಆಮ್ಲಜನಕ. ಹಾಗಾಗಿ MnO2 46 ಅಂದ್ರೆ Mn 46 × 0.632, ಅಂದ್ರೆ 29.1. ಎರಡನೇ ಲ್ಯಾಬ್ ಹೇಳಿದ್ದೂ ಇದನ್ನೇ. 9.2 ಟನ್ ಲೋಹ ಅಂದುಕೊಂಡಿದ್ದು ಇಲ್ಲಿಗೇ 5.8 ಟನ್ನಿಗೆ ಇಳೀತು.

ಅಷ್ಟಕ್ಕೇ ಮುಗೀಲಿಲ್ಲ. ಲ್ಯಾಬ್‌ನವರು ಶೇಕಡ ಕೊಡೋದು ಒಣಗಿಸಿದ ಪುಡಿಗೆ. ಲಾರಿ ತೂಗಿದ್ದು ಮಳೆಯಲ್ಲಿ ನೆಂದ ಮಾಲನ್ನ. ಲೋಡಿನಿಂದ ತೆಗೆದ ಒಂದು ಕಿಲೋ ಮಾದರಿಯನ್ನ ತಟ್ಟೆಯಲ್ಲಿ ತೆಳ್ಳಗೆ ಹರಡಿ, 105 ಡಿಗ್ರಿ ಓವನ್‌ನಲ್ಲಿಟ್ಟು, ತೂಕ ಇಳಿಯೋದು ನಿಲ್ಲೋವರೆಗೂ ಒಣಗಿಸಿದ್ರೆ ಉಳಿದಿದ್ದು 920 ಗ್ರಾಂ. ಶೇಕಡ 8 ನೀರು. 20 ಟನ್ ಅನ್ನೋದು ಒಣ ಲೆಕ್ಕಕ್ಕೆ 18.4 ಟನ್. ಅದರ 29.1 ಶೇಕಡ 5.35 ಟನ್. ಲೋಹದಲ್ಲಿ 3.85 ಟನ್ ಖೋತಾ! ಒಂದು ಕಿಲೋ ಮ್ಯಾಂಗನೀಸಿಗೆ ಸಲ್ಫೇಟ್ ಮಾನೋಹೈಡ್ರೇಟ್ ಸುಮಾರು 3.08 ಕಿಲೋ ಬರುತ್ತೆ. ತಯಾರಿಕೆಯಲ್ಲಿ ಆಗೋ ನಷ್ಟ ಬಿಟ್ಟೇ ಲೆಕ್ಕ ಹಾಕಿದ್ರೂ ಸುಮಾರು 11.8 ಟನ್ ಮಾಲು ಇಲ್ಲ.

ನೀರಿನ ಮಾತೆತ್ತಿದ್ರೆ: "ಮಳೆ ನಾವು ತರಿಸಿದ್ವಾ ಸಾರ್?" ಮಳೆ ಯಾರೂ ತರಿಸಲ್ಲ. ಆದ್ರೆ ನೀರಿಗೆ ಅದಿರಿನ ರೇಟ್ ಹಾಕಿದ್ದು ಯಾರು? ಮ್ಯಾಂಗನೀಸ್ ಅದಿರನ್ನ ಹೊರದೇಶದ ವ್ಯಾಪಾರದಲ್ಲಿ ಒಣ ಟನ್ನಿನಲ್ಲಿರೋ ಒಂದೊಂದು ಶೇಕಡ Mnಗೆ ಇಷ್ಟು ಅಂತಾನೇ ಮಾರ್ತಾರೆ.

ಮೈ ಉರಿಯೋದು ಇನ್ನೊಂದು ವಿಷಯಕ್ಕೆ. ಅಂಗಳದಲ್ಲಿ ಮಾಲು ತೋರಿಸುವಾಗ ಅದಿರಿನ ಪುಡಿ ಮೇಲೆ ಹೈಡ್ರೋಜನ್ ಪೆರಾಕ್ಸೈಡ್ ಹಾಕಿ, ಬುಸುಬುಸು ನೊರೆ ಬರಿಸಿ, "ನೋಡಿ ಸಾರ್, ಹೈ ಗ್ರೇಡ್" ಅಂದ್ರು. ಆ ನೊರೆ ಗ್ರೇಡಿನ ಬಗ್ಗೆ ಏನೂ ಹೇಳಲ್ಲ. ಪೆರಾಕ್ಸೈಡ್ ಒಡೆದು ಆಮ್ಲಜನಕ ಬಿಡೋಕೆ MnO2 ವೇಗವರ್ಧಕ ಅಷ್ಟೇ, ಅದೇನೂ ಖರ್ಚಾಗಲ್ಲ. MnO2 ಬರೀ 20 ಶೇಕಡ ಇರೋ ಕಳಪೆ ಅದಿರೂ ನೊರೆ ಉಕ್ಕಿಸುತ್ತೆ. ಇದನ್ನ ನಂಬಬೇಡಿ, ದಯವಿಟ್ಟು ನಂಬಬೇಡಿ.

46 ಲೋಹ ಅನ್ನೋ ಸುಳ್ಳನ್ನ ಹಿಡಿಯೋಕೆ ಲ್ಯಾಬೂ ಬೇಕಿಲ್ಲ. ಅವರೇ ಕೊಟ್ಟ ಸಂಖ್ಯೆಗಳನ್ನ ಕೂಡಿಸಿ ಸಾಕು. ಸಿಲಿಕಾ 19, Fe2O3 21, ಅಲ್ಯುಮಿನಾ 7, ಸೇರಿ 47. ಅಂದ್ರೆ ಮ್ಯಾಂಗನೀಸ್ ಖನಿಜಕ್ಕೆ ಉಳಿಯೋ ಜಾಗ ಹೆಚ್ಚಂದ್ರೆ 53. Mn ನಿಜವಾಗ್ಲೂ 46 ಇದ್ರೆ, 46ನ್ನ 0.632ರಿಂದ ಭಾಗಿಸಿ, MnO2 72.8 ಆಗ್ಬೇಕು. ಒಟ್ಟು 119.8. ನೂರಕ್ಕಿಂತ ಹೆಚ್ಚು ಅಂಶ ಇರೋ ಕಲ್ಲು ಭೂಮಿ ಮೇಲೆ ಎಲ್ಲಿದೆ? "ಎಲ್ಲಾ MnO2 ಆಗಿರಲ್ಲ ಸಾರ್, ಬೇರೆ ಆಕ್ಸೈಡೂ ಇರುತ್ತೆ" ಅಂದ್ರು. ಇರುತ್ತೆ, ಸರಿ. ಆಮ್ಲಜನಕ ಅತಿ ಕಡಿಮೆ ಇರೋ MnO ಅಂತಾನೇ ಇಟ್ಕೊಳ್ಳಿ, ಅದರಲ್ಲಿ ಲೋಹ 77.4 ಶೇಕಡ. ಆಗ್ಲೂ 46 ಲೋಹಕ್ಕೆ 59.4 ಆಕ್ಸೈಡ್ ಬೇಕು, ಒಟ್ಟು 106.4. ಯಾವ ಆಕ್ಸೈಡ್ ಹಿಡಿದ್ರೂ ಕೂಡಲ್ಲ. ಅದೇ 46 MnO2 ಆಗಿದ್ರೆ ಒಟ್ಟು 93, ಮಿಕ್ಕ 7ರಲ್ಲಿ ಖನಿಜದೊಳಗೇ ಸೇರಿಕೊಂಡ ನೀರು, ಸುಣ್ಣ ಎಲ್ಲಾ ಸರಿಯಾಗಿ ಕೂರುತ್ತೆ. ಈ ಲೆಕ್ಕ ಹೇಳಿದ ಮೇಲೆ ಆ ಕಡೆಯಿಂದ ಬಂದಿದ್ದು "ರಿಪೋರ್ಟ್ ಸ್ಯಾಂಪಲ್‌ಗೆ ಮಾತ್ರ, ಲೋಡಿಗಲ್ಲ" ಅನ್ನೋ ಒಂದು ಸಾಲು. ಅಲ್ಲಿಂದ ಫೋನ್ ಎತ್ತಿಲ್ಲ.

ಸ್ಯಾಂಪಲ್ ವಿಷಯಕ್ಕೆ ಬಂದ್ರೆ, ಅವರು ಕೈಗೆ ಕೊಡೋ ಕಪ್ಪು ಹೊಳಪಿನ ಉಂಡೆ ಮುಟ್ಟಲೇಬೇಡಿ. ಕೆಂಪು ಪುಡಿ, ಸಣ್ಣ ಚೂರು ಎಲ್ಲಾ ಸೇರಿ ರಾಶಿಯ ಬೇರೆ ಬೇರೆ ಕಡೆಯಿಂದ, ಒಳಗಿನಿಂದಲೂ ತೆಗೀಬೇಕು. ತೇವ ನೋಡೋ ಪಾಲನ್ನ ಅಲ್ಲೇ ಗಾಳಿಯಾಡದ ಚೀಲಕ್ಕೆ ಹಾಕಿ. ಉಳಿದಿದ್ದನ್ನ ಕುಟ್ಟಿ, ಗೋಪುರ ಮಾಡಿ, ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡು ಇಟ್ಕೊಂಡು ಮತ್ತೆ ಮತ್ತೆ ಇಳಿಸಿ. ಕೊನೆಗೆ ಮೂರು ಪೊಟ್ಟಣಕ್ಕೆ ಸೀಲ್: ಒಂದು ಅವರಿಗೆ, ಒಂದು ನಿಮಗೆ, ಒಂದು ಜಗಳ ಬಂದ್ರೆ ಮೂರನೇ ಲ್ಯಾಬಿಗೆ. ಲ್ಯಾಬಿನವರಿಗೆ "ಒಟ್ಟು Mn" ಬೇಕು ಅಂತ ಬರೆದೇ ಕೊಡಿ. ಬರೀ "ಗ್ರೇಡ್" ಅಂದ್ರೆ ಕೆಲವರು ಆಕ್ಸಲೇಟ್ ಟೈಟ್ರೇಶನ್ ಮಾಡಿ MnO2 ಸಂಖ್ಯೆ ಕೊಟ್ಟು ಕಳಿಸ್ತಾರೆ.

ಪರ್ಚೇಸ್ ಆರ್ಡರ್‌ನಲ್ಲಿ ಈ ಸಾಲು ಇಲ್ಲದೆ ಮುಂಗಡ ಹಾಕಬೇಡಿ: "ಒಟ್ಟು Mn ಶೇಕಡ 46, 105 ಡಿಗ್ರಿಯಲ್ಲಿ ಒಣಗಿಸಿದ ಆಧಾರದ ಮೇಲೆ, ತೇವಾಂಶ ತೂಕದಿಂದ ಕಡಿತ, ಕಡಿಮೆಯಾದ ಪ್ರತಿ ಶೇಕಡಕ್ಕೆ ದರದಲ್ಲಿ ಅದೇ ಪ್ರಮಾಣದ ಕಡಿತ." ಇದಕ್ಕೆ ಸಹಿ ಹಾಕಲ್ಲ, "ನಂಬಿಕೆ ಮೇಲೆ ವ್ಯಾಪಾರ ಸಾರ್" ಅಂದ್ರೆ ಲಾರಿ ಲೋಡ್ ಮಾಡಿಸಬೇಡಿ.